ಮಿಕ್ಸಿ ಪಾರ್ಟ್ ಬೇಕಾ? ಫೋಟೊ ಹೀಗೆ ತೆಗೆದು ಬೆಲೆ ಕೇಳಿ

ಮೋಟಾರ್ ತಿರುಗುವ ಸದ್ದು ಬರುತ್ತೆ, ಜಾರಿನೊಳಗಿನ ಬ್ಲೇಡ್ ಮಾತ್ರ ತಿರುಗಲ್ಲ. ಜಾರ್ ಎತ್ತಿದರೆ ಕೆಳಗೆ ಕಪ್ಪು ಪುಡಿ ಉದುರಿರುತ್ತೆ. ಹಾಗಿದ್ದರೆ ಜಾರಿನ ಅಡಿಯಲ್ಲಿರುವ ಹಲ್ಲಿನ ಚಕ್ರ ಸವೆದಿರಬಹುದು. ಅಂಗಡಿಯವರು ಅದನ್ನು ಕಪ್ಲರ್ ಅನ್ನುತ್ತಾರೆ. ಅದಕ್ಕೆ ಬೆಲೆ ಕೇಳಲು ಹಿರಿಯರು ಕಳಿಸುವ ಫೋಟೊದಲ್ಲಿ ಇಡೀ ಅಡುಗೆ ಕಟ್ಟೆ ಇರುತ್ತೆ, ಮೂಲೆಯಲ್ಲಿ ಮಿಕ್ಸಿ. ಅದನ್ನು ನೋಡಿ ಅಂಗಡಿಯವರು ಏನು ಹೇಳಲು ಸಾಧ್ಯ? ಬೇಕಾಗುವುದು ಮೂರೇ ಫೋಟೊ.

ಮೊದಲು ಫೋನಿನ ಹಿಂದಿರುವ ಕ್ಯಾಮೆರಾ ಗಾಜನ್ನು ಹತ್ತಿಬಟ್ಟೆಯಲ್ಲಿ ಒರೆಸಿ. ಅಡುಗೆಮನೆಯ ಎಣ್ಣೆ ಜಿಡ್ಡು ಅದರ ಮೇಲೆ ಕೂತಿರುತ್ತೆ. ಮೊದಲ ಫೋಟೊ ಸುಲಭ: ಮಿಕ್ಸಿ ಮತ್ತು ಜಾರ್ ಎರಡೂ ಪೂರ್ತಿ ಕಾಣಬೇಕು, ಅಷ್ಟೇ.

ಎರಡನೆಯದು ಕಷ್ಟದ್ದು. ಎಲ್ಲರೂ ಎಡವುವುದು ಇಲ್ಲೇ, ನಿಧಾನವಾಗಿ ಮಾಡಿ. ಪ್ಲಗ್ ಕಿತ್ತು, ಜಾರ್ ತೆಗೆದಿಟ್ಟು, ದಪ್ಪ ಟವೆಲ್ ಹಾಸಿ ಮಿಕ್ಸಿಯನ್ನು ಅದರ ಮೇಲೆ ಮಗುಚಿ. ಅಡಿಯಲ್ಲೋ ಹಿಂಬದಿಯಲ್ಲೋ ಒಂದು ಸ್ಟಿಕರ್ ಇರುತ್ತೆ. ಕಂಪನಿ ಹೆಸರು, ಮಾಡೆಲ್, ಸೀರಿಯಲ್ ನಂಬರ್ ಅದರಲ್ಲೇ ಇರುತ್ತವೆ. ಜಿಡ್ಡಿದ್ದರೆ ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಜೋರಾಗಿ ಉಜ್ಜಿದರೆ ಅಕ್ಷರವೇ ಹೋಗುತ್ತೆ.

ಈ ಸ್ಟಿಕರ್ ಸಾಮಾನ್ಯವಾಗಿ ಹೊಳೆಯುವ ಬೆಳ್ಳಿ ಬಣ್ಣದ್ದು. ಫ್ಲ್ಯಾಶ್ ಹಾಕಿದರೆ ಬೆಳಕು ವಾಪಸ್ ಬಡಿದು ನಡುವೆ ಬಿಳಿ ಮಚ್ಚೆ ಬೀಳುತ್ತೆ, ಮಾಡೆಲ್ ನಂಬರ್ ಅದರಡಿ ಅಡಗಿಹೋಗುತ್ತೆ. ಫ್ಲ್ಯಾಶ್ ಆಫ್ ಮಾಡಿ. ಹಗಲಲ್ಲಿ ಕಿಟಕಿ ಹತ್ತಿರ ಇಡಿ, ಬೆಳಕು ಪಕ್ಕದಿಂದ ಬೀಳಲಿ. ಆಗಲೂ ಹೊಳೆದರೆ ಫೋನನ್ನು ಸ್ವಲ್ಪ ಓರೆ ಮಾಡಿ.

ಅಕ್ಷರ ಸಣ್ಣದು ಅಂತ ಫೋನನ್ನು ಮೂಗಿನ ಹತ್ತಿರ ತಂದ ಹಾಗೆ ಸ್ಟಿಕರಿಗೆ ಅಂಟಿಸಬೇಡಿ. ತೀರಾ ಹತ್ತಿರ ಹೋದರೆ ಕ್ಯಾಮೆರಾಕ್ಕೆ ಏನೂ ಸ್ಪಷ್ಟ ಕಾಣಲ್ಲ. ಒಂದು ಗೇಣು ದೂರ ಹಿಡಿಯಿರಿ. ದೊಡ್ಡದಾಗಿ ಬೇಕಿದ್ದರೆ ಪರದೆಯ ಮೇಲೆ ಎರಡು ಬೆರಳು ಅಗಲಿಸಿ. ಆಮೇಲೆ ಪರದೆಯಲ್ಲಿ ಅಕ್ಷರ ಇರುವ ಜಾಗವನ್ನೇ ಒಮ್ಮೆ ಮುಟ್ಟಿ, ಕ್ಯಾಮೆರಾ ಅಲ್ಲಿಗೆ ದೃಷ್ಟಿ ಹೊಂದಿಸಿಕೊಳ್ಳಲು ಎರಡು ಕ್ಷಣ ಬಿಡಿ. ಕೈ ನಡುಗಿದರೆ ಮೊಣಕೈಗಳನ್ನು ಮೇಜಿಗೆ ಊರಿ. ಪರದೆಯ ಗುಂಡಿಗಿಂತ ಪಕ್ಕದ ವಾಲ್ಯೂಮ್ ಗುಂಡಿ ಒತ್ತುವುದೇ ಒಳ್ಳೆಯದು, ಹೆಚ್ಚಿನ ಫೋನುಗಳಲ್ಲಿ ಅದರಿಂದಲೂ ಫೋಟೊ ಬೀಳುತ್ತೆ, ಫೋನ್ ಅಲುಗಾಡುವುದೂ ಕಡಿಮೆ.

ತೆಗೆದ ಕೂಡಲೇ ಕಳಿಸಬೇಡಿ. ಫೋಟೊ ದೊಡ್ಡದು ಮಾಡಿ ಮಾಡೆಲ್ ಹೆಸರನ್ನು ನೀವೇ ಓದಿ. ನಿಮಗೆ ಓದಲಾಗದಿದ್ದರೆ ಅಂಗಡಿಯವರಿಗೂ ಆಗಲ್ಲ. ಇನ್ನೊಂದು ಮಾತು: 750 ವ್ಯಾಟ್, 230 ವೋಲ್ಟ್ ಎಂದೆಲ್ಲ ಇರುತ್ತಲ್ಲ, ಅದು ಮಾಡೆಲ್ ಅಲ್ಲ. 750 ವ್ಯಾಟಿನ ಮಿಕ್ಸಿ ಹತ್ತಾರು ಕಂಪನಿ ಮಾಡುತ್ತವೆ.

ಮೂರನೆಯದು ಸವೆದ ಕಪ್ಲರಿನದು. ಜಾರ್ ಮಗುಚಿಟ್ಟು ನೇರ ಮೇಲಿನಿಂದ ತೆಗೆಯಿರಿ. ಹಲ್ಲು ಎಷ್ಟಿವೆ ಅಂತ ಎಣಿಸುವಷ್ಟು ಸ್ಪಷ್ಟವಾಗಿರಲಿ. ಪಕ್ಕದಲ್ಲಿ ಮಕ್ಕಳ ಸ್ಕೇಲ್ ಇಡಿ, ಅಳತೆ ಗೊತ್ತಾಗುತ್ತೆ. ಸ್ಕೇಲ್ ಇಲ್ಲದಿದ್ದರೆ 10 ರೂಪಾಯಿ ನಾಣ್ಯ, ಅದರ ಅಗಲ 27 ಮಿಲಿಮೀಟರ್.

ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೊದ ಮೇಲೆ ಕಾಣುವ HD ಒತ್ತಿ, ಇಲ್ಲದಿದ್ದರೆ ಸಣ್ಣ ಅಕ್ಷರ ಮಸುಕಾಗುತ್ತೆ. ಜೊತೆಗೆ ಹೀಗೆ ಬರೆಯಿರಿ:

“ನಮಸ್ಕಾರ. ಮಿಕ್ಸಿಯ ಕಂಪನಿ, ಮಾಡೆಲ್ ಎರಡನೇ ಫೋಟೊದಲ್ಲಿದೆ. ಚಟ್ನಿ ಜಾರಿನ ಕಪ್ಲರ್ ಸವೆದಿದೆ. ಕಂಪನಿಯದೇ ಇದೆಯಾ, ಲೋಕಲ್ಲಾ? ಪ್ಯಾಕೆಟ್ ಮೇಲಿನ ಎಂಆರ್‌ಪಿ ಎಷ್ಟು, ನೀವು ಎಷ್ಟಕ್ಕೆ ಕೊಡ್ತೀರಿ? ಹಾಕುವ ಕೂಲಿ ಬೇರೆನಾ?”

ಬರೀ “ಎಷ್ಟು?” ಅಂತ ಕೇಳಿದರೆ ಅಗ್ಗದ ಲೋಕಲ್ ಮಾಲಿನ ರೇಟೇ ಬರಬಹುದು. ಹೆಸರಿಲ್ಲದ, ಉಗುರಲ್ಲಿ ಒತ್ತಿದರೆ ಗುರುತು ಬೀಳುವಂಥ ಮೆತ್ತನೆ ಕಪ್ಲರ್ ಬೇಡವೇ ಬೇಡ, ಹಲ್ಲು ಬೇಗ ತೇಯುತ್ತೆ. ಕಂಪನಿ ಪ್ಯಾಕೆಟ್ ಅಂದರೆ ಅದರ ಫೋಟೊ ಕೇಳಿ. ತಯಾರಕರ ಹೆಸರು, ವಿಳಾಸ, ಎಂಆರ್‌ಪಿ ಅದರ ಮೇಲೆ ಮುದ್ರಿಸಿರಬೇಕು. ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತೆ. ಅದರ ಮೇಲೆ ಜಿಎಸ್‌ಟಿ ಬೇರೆ ಅಂದರೆ ಒಪ್ಪಬೇಡಿ.

ಕಂಪನಿಗೇ ಫೋನ್ ಮಾಡುವುದಾದರೆ ವಾರಂಟಿ ಕಾರ್ಡಿನಲ್ಲೋ ಸ್ಟಿಕರಿನಲ್ಲೋ ಇರುವ ನಂಬರಿಗೇ ಮಾಡಿ. ಗೂಗಲ್‌ನಲ್ಲಿ ಹುಡುಕಿದಾಗ ಮೊದಲು ಸಿಗುವ ನಂಬರ್ ಮೋಸಗಾರರದ್ದೂ ಆಗಿರಬಹುದು. ಬೆಲೆ ಹೇಳಲು ಯಾರಿಗೂ ಒಟಿಪಿ ಬೇಕಾಗಲ್ಲ, ಕೇಳಿದರೆ ಫೋನ್ ಇಟ್ಟುಬಿಡಿ.

ದುಡ್ಡನ್ನೂ ಮುಂಚೆ ಹಾಕಬೇಡಿ. ಅಂಗಡಿಗೆ ಆ ಜಾರನ್ನೇ ತೆಗೆದುಕೊಂಡು ಹೋಗಿ. ಹೊಸ ಕಪ್ಲರಿನ ಹಲ್ಲನ್ನು ಹಳೆಯದರ ಪಕ್ಕ ಹಿಡಿದು ನೋಡಿ, ಅಲ್ಲೇ ಕೂರಿಸಿ, ಕೈಯಲ್ಲಿ ತಿರುಗಿಸಿದಾಗ ಬ್ಲೇಡ್ ಸಲೀಸಾಗಿ ತಿರುಗಿದರೆ ದುಡ್ಡು ಕೊಟ್ಟು ಬಿಲ್ ತಗೊಳ್ಳಿ.