ಮುರಕಲ್ಲಿನ ಗೋಡೆಗೆ ಸಾರಣೆ: ಎಷ್ಟು ಮೇಸ್ತ್ರಿ, ಎಷ್ಟು ಹೆಲ್ಪರ್, ಎಷ್ಟು ದಿನ?

ಮನೆ ಕಟ್ಟಿಸುವವರು ಗೋಡೆ ಏಳುವವರೆಗೆ ಲೆಕ್ಕದಲ್ಲಿ ಚುರುಕಾಗಿಯೇ ಇರುತ್ತಾರೆ. ಕಲ್ಲು ಎಷ್ಟು ಲೋಡು, ಸಿಮೆಂಟು ಎಷ್ಟು ಚೀಲ, ಎಲ್ಲ ಬಾಯಿಪಾಠ. ಸಾರಣೆಗೆ ಬಂದಾಗ ಮಾತ್ರ ಎಡವುತ್ತಾರೆ. ಕೆಲವರು ಕೋಣೆಯ ನೆಲದ ಚದರ ಅಡಿಯನ್ನೇ ಸಾರಣೆಯ ಅಳತೆ ಅಂದುಕೊಳ್ಳುತ್ತಾರೆ. ಇನ್ನು ಕೆಲವರು ಗೋಡೆಯನ್ನೇ ಅಳೆಯುತ್ತಾರೆ, ಆದರೆ ನೂರರಿಂದ ಭಾಗಿಸಿ ಇಷ್ಟೇ ದಿನ ಎಂದು ತೀರ್ಮಾನಿಸುತ್ತಾರೆ. ಆಮೇಲೆ ಮೇಸ್ತ್ರಿ ಕೆಲಸ ಎಳೆಯುತ್ತಿದ್ದಾನೆ ಎಂಬ ಜಗಳ. ಎಷ್ಟೋ ಸಲ ತಪ್ಪು ಮೇಸ್ತ್ರಿಯದ್ದಲ್ಲ, ಭಾಗಾಕಾರದ್ದು.

ಉಡುಪಿ ಕಡೆಯ ಸಾಮಾನ್ಯ ಮನೆಯ ಒಂದು ಕೋಣೆಯನ್ನೇ ತೆಗೆದುಕೊಳ್ಳೋಣ. ಒಳಗೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಒಂದು ಬಾಗಿಲು, 4 ಅಡಿ ಚೌಕದ ಎರಡು ಕಿಟಕಿ. ಗೋಡೆ ಮುರಕಲ್ಲಿನದ್ದು.

ಮೊದಲು ಅಳತೆ

ಇದು ಸುಲಭ. ಸುತ್ತಳತೆ 44 ಅಡಿ, ಎತ್ತರ 10 ಅಡಿ, ಗೋಡೆ ಒಟ್ಟು 440 ಚದರ ಅಡಿ. ನೆಲ ಬರೀ 120 ಎಂಬುದನ್ನು ಗಮನಿಸಿ. ಸ್ಲ್ಯಾಬಿನ ಅಡಿಭಾಗದ ಕೆಲಸ ಬೇರೆ ಥರದ್ದು, ಅದನ್ನು ಇದಕ್ಕೆ ಸೇರಿಸಬೇಡಿ.

ಬಾಗಿಲು, ಕಿಟಕಿಯ ಜಾಗ ಕಳೆಯಬೇಕಾ? ಅಳತೆಯ ನಿಯಮ ಭಾರತೀಯ ಮಾನಕ ಐ.ಎಸ್. 1200ರ 12ನೇ ಭಾಗದಲ್ಲಿದೆ. ಅರ್ಧ ಚದರ ಮೀಟರಿನವರೆಗಿನ ತೆರಪನ್ನು ಕಳೆಯುವಂತಿಲ್ಲ. ಅರ್ಧದಿಂದ 3 ಚದರ ಮೀಟರಿನದ್ದಾದರೆ, ಎರಡೂ ಬದಿಗೆ ಒಂದೇ ಥರದ ಸಾರಣೆ ಇದ್ದಾಗ, ಒಂದು ಬದಿಗೆ ಮಾತ್ರ ಕಳೆಯುತ್ತಾರೆ. ಇನ್ನೊಂದು ಬದಿಯಲ್ಲಿ ಕಳೆಯದೆ ಬಿಟ್ಟ ಅಳತೆ ತೆರಪಿನ ಒಳಅಂಚುಗಳ ಕೆಲಸಕ್ಕೆ ಸರಿಹೋಗುತ್ತದೆ. ನಮ್ಮ ಬಾಗಿಲು, ಕಿಟಕಿಗಳೆಲ್ಲ ಈ ಎರಡನೇ ಗುಂಪಿನವು. ಹಾಗಾಗಿ ಒಳಗೆ ಕಳೆಯಬೇಡಿ, ಹೊರಗೆ ಕಳೆಯಿರಿ. ಕಿಟಕಿಯ ಸುತ್ತ ಅಂಚು ನೇರ ಮಾಡಲು ಮೇಸ್ತ್ರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಒಮ್ಮೆ ನಿಂತು ನೋಡಿದವರು ಅಲ್ಲಿ ಚೌಕಾಸಿ ಮಾಡುವುದಿಲ್ಲ.

ಆಮೇಲೆ ದಾರ

ಎಲ್ಲ ಲೆಕ್ಕ ಕೆಡುವುದು ಇಲ್ಲಿ.

ನಮ್ಮ ಎಸ್ಟಿಮೇಟ್ ಪುಸ್ತಕಗಳಲ್ಲಿ ಒಬ್ಬ ಮೇಸ್ತ್ರಿಗೆ ದಿನಕ್ಕೆ 8 ಚದರ ಮೀಟರ್ ಸಾರಣೆ ಎಂದು ಬರೆದಿರುತ್ತದೆ. ಅಂದರೆ ಸುಮಾರು 86 ಚದರ ಅಡಿ. ಇದನ್ನೇ ದುಂಡಗೆ ಮಾಡಿ ನೂರು ಎನ್ನುತ್ತಾರೆ. ಆದರೆ ಆ 8 ಚದರ ಮೀಟರಿನ ಪಕ್ಕದಲ್ಲೇ 12 ಮಿ.ಮೀ. ದಪ್ಪ ಎಂದೂ ಬರೆದಿರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಸಪಾಟಾದ ಗೋಡೆಗೆ ಒಂದೇ ಕೋಟು ಬಳಿಯುವ ಲೆಕ್ಕ ಅದು.

ಮುರಕಲ್ಲಿನ ಗೋಡೆಗೆ ಎರಡು ಮುಖ. ಕಲ್ಲುಗಳ ಅಗಲ ಒಂದೇ ಸಮ ಇರುವುದಿಲ್ಲ. ಆದ್ದರಿಂದ ಕಟ್ಟುವಾಗ ದಾರ ಹಿಡಿದ ಮುಖ ಮಾತ್ರ ನೇರ ಬರುತ್ತದೆ. ಕಲ್ಲಿನ ಹೆಚ್ಚುಕಮ್ಮಿಯೆಲ್ಲ ಹಿಂದಿನ ಮುಖಕ್ಕೆ ಹೋಗುತ್ತದೆ. ಹೊರಗೋಡೆಗೆ ಸಾಮಾನ್ಯವಾಗಿ ಹೊರಗಿನಿಂದ ದಾರ ಹಿಡಿಯುತ್ತಾರೆ. ಹಾಗಾಗಿ ಕೋಣೆಯ ಒಳಗೆ ನಿಂತರೆ ನಿಮಗೆ ಕಾಣುವುದು ಅದರ ಕೆಟ್ಟ ಮುಖ. ಮೆಷಿನ್‌ನಲ್ಲಿ ಕೊಯ್ದ ಕಲ್ಲಾದರೆ ಈ ವ್ಯತ್ಯಾಸ ಕಮ್ಮಿ, ಕೈಯಲ್ಲಿ ಕೆತ್ತಿದ್ದಾದರೆ ಜಾಸ್ತಿ. ಪರ್ಕಳದ ಕಡೆಯ ಮೇಸ್ತ್ರಿಯೊಬ್ಬರು ಫೋನಿನಲ್ಲೇ ದಿನ ಕೇಳಿದವರಿಗೆ ಹೇಳಿದ ಮಾತು ಸರಿಯಾಗಿದೆ: “ಗೋಡೆಯ ಹಿಂದಿನ ಮುಖ ನೋಡದೆ ದಿನ ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ರೆ.”

ನೀವೇ ನೋಡಬಹುದು. ಗೋಡೆಯ ಎರಡೂ ತುದಿಯಲ್ಲಿ ಮೇಲೆ, ಕೆಳಗೆ ಮೊಳೆ ಹೊಡೆಯಿರಿ. ತೂಗುಗುಂಡು ಬಿಟ್ಟು ಮೊಳೆಗಳ ತಲೆಯನ್ನು ಒಂದೇ ನೇರಕ್ಕೆ ತಂದು ದಾರ ಬಿಗಿಯಿರಿ. ಗೋಡೆಯ ಅತಿ ಉಬ್ಬಿದ ಜಾಗವೂ ದಾರಕ್ಕಿಂತ 10 ಮಿ.ಮೀ. ಹಿಂದೆ ಇರಲಿ. ಮೇಲೆ, ನಡುವೆ, ಕೆಳಗೆ ಮೂರು ಸಾಲಿನಲ್ಲಿ ಒಂಬತ್ತು ಕಡೆ ದಾರದಿಂದ ಕಲ್ಲಿಗೆ ಎಷ್ಟು ಎಂದು ಸ್ಕೇಲಿನಲ್ಲಿ ಅಳೆದು ಗೋಡೆಯ ಮೇಲೇ ಸೀಮೆಸುಣ್ಣದಲ್ಲಿ ಬರೆಯಿರಿ. ಸರಾಸರಿ ತೆಗೆಯಿರಿ. ಒಂದೆರಡು ಕಡೆ ದೊಡ್ಡ ಗುಂಡಿಯಿದ್ದರೆ ಅದನ್ನು ಸರಾಸರಿಗೆ ಸೇರಿಸಬೇಡಿ. ಕಲ್ಲಿನ ಚೂರು, ಸಿಮೆಂಟು ಕಲಸು ಹಾಕಿ ಮುಂಚಿತವಾಗಿ ಮುಚ್ಚಿಸಿ.

ನಮ್ಮ ಕೋಣೆಯಲ್ಲಿ ಎರಡು ಗೋಡೆ ಹೊರಗಿನವು, ಎರಡು ನಡುಗೋಡೆ. ನಡುಗೋಡೆಗಳ ದಾರ ಹಿಡಿದ ಮುಖ ಈ ಕೋಣೆಯ ಕಡೆಗಿದೆ, ಅಲ್ಲಿ ಸರಾಸರಿ 12 ಮಿ.ಮೀ. ಹೊರಗೋಡೆಗಳ ಒಳಮುಖದಲ್ಲಿ ಸರಾಸರಿ 24 ಬಂತು ಎನ್ನೋಣ. ಎರಡೂ ಕಡೆ 220 ಚದರ ಅಡಿ.

24 ಮಿ.ಮೀ. ಒಂದೇ ಸಲಕ್ಕೆ ಬಳಿಯುವಂತಿಲ್ಲ. ಒಂದು ಕೋಟು 15 ದಾಟಿದರೆ ಹಸಿ ಕಲಸು ತನ್ನ ಭಾರಕ್ಕೇ ಕೆಳಗೆ ಜಗ್ಗುತ್ತದೆ, ಹಿಂದೆ ಪೊಳ್ಳಾಗುತ್ತದೆ. ಒಣಗಿದ ಮೇಲೆ ಕರಣೆಯ ಹಿಡಿಯಿಂದ ಕುಟ್ಟಿದರೆ ಡಬಡಬ ಎನ್ನುವುದು ಇದೇ. ಆದ್ದರಿಂದ ಕೆಟ್ಟ ಮುಖಕ್ಕೆ 12ರಂತೆ ಎರಡು ಕೋಟು. ಮೊದಲನೆಯದನ್ನು ಮಟ್ಟಗೋಲು ಎಳೆದು, ಒರಟಾಗಿ ಗೀರಿ ಬಿಡುವುದು. ಎರಡನೆಯದನ್ನು ಮರುದಿನದ ನಂತರ ಹಾಕುವುದು.

ಮೇಸ್ತ್ರಿಯ ದಿನ

ಒಳ್ಳೆಯ ಮುಖ: 220ನ್ನು 86ರಿಂದ ಭಾಗಿಸಿದರೆ ಸುಮಾರು 2.6 ದಿನ. ಕೆಟ್ಟ ಮುಖದ ಮೇಲಿನ ಕೋಟಿಗೂ ಅಷ್ಟೇ, 2.6. ಮೊದಲ ಕೋಟಿಗೆ ನುಣುಪು ಬೇಡ, ಮೂಲೆ ತಿದ್ದುವುದು ಬೇಡ. ಅದಕ್ಕೆ ನಾನು ಅರ್ಧ ಹೊತ್ತು ಹಿಡಿಯುತ್ತೇನೆ, 1.3. ಒಟ್ಟು ಆರೂವರೆ ಮೇಸ್ತ್ರಿ ದಿನ. ನೂರರಿಂದ ಭಾಗಿಸಿದವರಿಗೆ ಬರುವುದು 4.4. ಎರಡು ದಿನದ ಆ ಜಗಳ ಎಲ್ಲಿಂದ ಬಂತು ಎಂದು ಗೊತ್ತಾಯಿತಲ್ವಾ?

ಇಬ್ಬರು ಮೇಸ್ತ್ರಿಗಳಿದ್ದರೆ ಮೂರೂಕಾಲು ದಿನ. ಆದರೆ ಕೆಲಸದ ಸರದಿ ಸರಿಯಿರಬೇಕು. ಮೊದಲ ದಿನ ಬೆಳಿಗ್ಗೆ ಕೆಟ್ಟ ಮುಖದ ಮೊದಲ ಕೋಟು. ಮಧ್ಯಾಹ್ನದ ಊಟವಾಗಿ ಸ್ವಲ್ಪ ಹೊತ್ತಿಗೆ ಅದು ಮುಗಿಯುತ್ತದೆ. ಉಳಿದ ಹೊತ್ತು ಮತ್ತು ಎರಡನೇ ದಿನ ಪೂರ್ತಿ ನಡುಗೋಡೆಗಳು. ಅಷ್ಟರಲ್ಲಿ ಮೊದಲ ಕೋಟು ಗಟ್ಟಿಯಾಗಿರುತ್ತದೆ, ಮೂರನೇ ದಿನ ಮೇಲಿನ ಕೋಟು. ಇದನ್ನು ಹಿಂದುಮುಂದು ಮಾಡಿ ನಡುಗೋಡೆ ಮೊದಲು ಮುಗಿಸಿದರೆ, ಮೊದಲ ಕೋಟು ಹಾಕಿದ ಮರುದಿನ ಮೇಸ್ತ್ರಿಗೆ ಕೆಲಸವಿರುವುದಿಲ್ಲ. ಆಗ ಅದೇ ಸಂಜೆ ಮೇಲಿನ ಕೋಟನ್ನೂ ಬಳಿದುಬಿಡುತ್ತಾರೆ. ಬೇಗ ಗಟ್ಟಿಯಾಗಲಿ ಎಂದು ಒಣ ಸಿಮೆಂಟು ಹುಡಿ ಎರಚಿ ಉಜ್ಜುತ್ತಾರೆ. ಬಲೆಯ ಹಾಗೆ ಸಣ್ಣ ಬಿರುಕು ಬರುವುದು ಇದರಿಂದಲೇ. ಹುಡಿ ಎರಚುವುದನ್ನು ಕಂಡರೆ ಕೆಲಸ ನಿಲ್ಲಿಸಿ ಎಂದೇ ನಾನು ಹೇಳುವುದು.

ಕಾಲು ದಿನವನ್ನು ಕೋಣೆ ಕೋಣೆಗೆ ಪೂರ್ತಿ ದಿನ ಮಾಡಬೇಡಿ. ಇಡೀ ಮನೆಯದ್ದನ್ನು ಕೂಡಿಸಿ ಕೊನೆಗೆ ಒಂದೇ ಸಲ ದುಂಡಗೆ ಮಾಡಿ.

ಹೆಲ್ಪರ್ ದಿನ

ಒಬ್ಬ ಮೇಸ್ತ್ರಿಗೆ ಒಬ್ಬ ಹೆಲ್ಪರ್ ಎಂಬುದು ರೂಢಿಯ ಮಾತು. ಹೆಲ್ಪರ್ ಹೊರುವುದು ಚದರ ಅಡಿಯನ್ನಲ್ಲ, ಕಲಸನ್ನು. ಲೆಕ್ಕ ಕಲಸಿನಿಂದ ಶುರುವಾಗಬೇಕು.

12 ಮಿ.ಮೀ. ದಪ್ಪಕ್ಕೆ 8 ಚದರ ಮೀಟರ್ ಬಳಿಯಲು, ಸಂದಿಗೆ ಹೋಗುವುದು, ಕೆಳಗೆ ಬೀಳುವುದು ಸೇರಿ, ಸುಮಾರು 0.12 ಘನ ಮೀಟರ್ ಹಸಿ ಕಲಸು ಬೇಕು. ತೂಕ ಇನ್ನೂರೈವತ್ತು ಕಿಲೋ ಹತ್ತಿರ. ಹದಿನೈದು ಕಿಲೋದ ಬಾಣಲಿಯಲ್ಲಿ ಸುಮಾರು ಹದಿನೇಳು ಸಲ. ನೆಲಮಹಡಿಯಲ್ಲಿ ಒಬ್ಬ ಹೆಲ್ಪರ್ ಕಲಸಿ, ಹೊತ್ತು ಕೊಟ್ಟು ನಿಭಾಯಿಸುತ್ತಾನೆ. ಮೊದಲ ಕೋಟಿನ ಹೊತ್ತಿನಲ್ಲಿ ಮಾತ್ರ ಮೇಸ್ತ್ರಿಯ ವೇಗ ಇಮ್ಮಡಿ. ಅಂದರೆ ಕಲಸೂ ಇಮ್ಮಡಿ, ದಿನಕ್ಕೆ ಮೂವತ್ತಕ್ಕಿಂತ ಜಾಸ್ತಿ ಬಾಣಲಿ. ಆಗ ಒಬ್ಬನಿಂದ ಆಗುವುದಿಲ್ಲ. ಮೇಸ್ತ್ರಿ ಕರಣೆ ಹಿಡಿದು ಸುಮ್ನೆ ನಿಲ್ಲುತ್ತಾನೆ. ದುಬಾರಿ ಆಳು ಕಾಯುವುದು, ಅಗ್ಗದ ಆಳು ಓಡುವುದು.

ಇದನ್ನು ತಪ್ಪಿಸಲು ಹೆಲ್ಪರ್ ಒಂದೇ ಸಲ ಇಡೀ ಚೀಲ ಸಿಮೆಂಟು ಕಲಸಿಡುತ್ತಾನೆ. ಅದು ಇನ್ನೂ ಕೆಟ್ಟದ್ದು. ನೀರು ಹಾಕಿದ ಕಲಸನ್ನು ಅರ್ಧ ಗಂಟೆಯೊಳಗೆ ಬಳಸಿದರೆ ಒಳ್ಳೆಯದು, ತಡವೆಂದರೂ ಒಂದು ಗಂಟೆ. ಗಟ್ಟಿಯಾಗತೊಡಗಿದ್ದಕ್ಕೆ ಮತ್ತೆ ನೀರು ಹೊಯ್ದು ಕಲಸಿದರೆ ಅದು ಗೋಡೆಗೆ ಹಿಡಿಯುವುದೇ ಇಲ್ಲ.

ಆದ್ದರಿಂದ ಮೊದಲ ಕೋಟಿನ 1.3 ಮೇಸ್ತ್ರಿ ದಿನಕ್ಕೆ 2.6 ಹೆಲ್ಪರ್ ದಿನ. ಉಳಿದ 5.2ಕ್ಕೆ ಒಂದಕ್ಕೊಂದು, 5.2. ಒಟ್ಟು 7.8. ಇದಕ್ಕೆ ಅಟ್ಟಣೆ ಕಟ್ಟುವುದು, ಹೊಯ್ಗೆ ಜರಡಿ ಹಿಡಿಯುವುದು, ಕಲ್ಲಿನ ಧೂಳು ತೊಳೆದು ನೀರು ಕುಡಿಸುವುದು ಸೇರಿಸಿದರೆ ಒಂಬತ್ತು. ಆರೂವರೆಗೆ ಒಂಬತ್ತು. ಮಹಡಿಯ ಮೇಲಾದರೆ ಹೊರುವ ದಾರಿ ಉದ್ದ, ಇಬ್ಬರು ಮೇಸ್ತ್ರಿಗಳಿಗೆ ಇನ್ನೂ ಒಬ್ಬ ಹೆಲ್ಪರ್ ಸೇರಿಸಿ.

ಜರಡಿಯ ಕೆಲಸ ಉಳಿಸಲು ಕೆಲವರು ಅಂಗಡಿಯವರು ಕೊಟ್ಟ ಎಂ-ಸ್ಯಾಂಡನ್ನು ಹಾಗೇ ಬಳಸುತ್ತಾರೆ. ಸಾರಣೆಗೆಂದೇ ಮಾಡಿದ ಸಣ್ಣ ಮರಳು ಬೇರೆ ಸಿಗುತ್ತದೆ, ಅದನ್ನೇ ಕೇಳಿ. ಎಂ-ಸ್ಯಾಂಡ್ ಹೆಸರಿನಲ್ಲಿ ಬರೀ ಜಲ್ಲಿ ಹುಡಿ ಬರುವುದೂ ಉಂಟು. ಒಂದು ಮುಷ್ಟಿ ಲೋಟದ ನೀರಿಗೆ ಹಾಕಿ ಕದಡಿ. ತುಂಬ ಹೊತ್ತು ನೀರು ರಾಡಿಯಾಗೇ ಉಳಿದರೆ ವಾಪಸ್ ಕಳಿಸಿ. ಅಳಿವೆ ಬಳಿಯ ಹೊಯ್ಗೆಯಾದರೆ ನಾಲಿಗೆಗೆ ಇಟ್ಟು ನೋಡಿ. ಉಪ್ಪಿದ್ದರೆ ಅಗ್ಗವೆಂದು ಆಸೆಪಡಬೇಡಿ, ಮುಂದಿನ ವರ್ಷ ಗೋಡೆಯಲ್ಲಿ ಬಿಳಿ ಹೂವು ಏಳುತ್ತದೆ.

ನೀರುಣಿಸುವ ಆಳು ಈ ಒಂಬತ್ತರಲ್ಲಿಲ್ಲ. ಕನಿಷ್ಠ ಏಳು ದಿನ ಬೆಳಿಗ್ಗೆ ಸಂಜೆ ಪೈಪು ಹಿಡಿಯುವವರು ಯಾರೆಂದು ಮೊದಲೇ ಮಾತಾಡಿಕೊಳ್ಳಿ. ಮನೆಯವರೇ ಮಾಡಿದರೆ ಚೆಂದ.

ಎರಡನೇ ಸಂಜೆ ಟೇಪು ಹಿಡಿಯಿರಿ

ಮೇಲಿನ 86 ಪುಸ್ತಕದ್ದು. ನಿಮ್ಮ ಮೇಸ್ತ್ರಿಯದ್ದು 75 ಇರಬಹುದು, 110 ಇರಬಹುದು. ನಡುಗೋಡೆಯ ಕೆಲಸ ಪೂರ್ತಿ ಒಂದು ದಿನ ನಡೆದ ಸಂಜೆ ಒಬ್ಬ ಮೇಸ್ತ್ರಿಗೆ ಎಷ್ಟಾಯಿತೆಂದು ಅಳೆದು, ಆ ಅಂಕಿಯಿಂದ ಉಳಿದದ್ದನ್ನು ಮತ್ತೆ ಭಾಗಿಸಿ. ತೀರಾ ಕಮ್ಮಿಯಾಗಿದ್ದರೆ ಮೇಸ್ತ್ರಿಯನ್ನು ಬೈಯುವ ಮುಂಚೆ ಕಲಸಿನ ಜಾಗಕ್ಕೂ ಗೋಡೆಗೂ ಎಷ್ಟು ದೂರ, ನೀರಿನ ಡ್ರಮ್ಮು ಎಲ್ಲಿದೆ, ಅಟ್ಟಣೆ ಎಷ್ಟು ಸಲ ಬದಲಿಸಬೇಕಾಯಿತು ಎಂದು ನೋಡಿ. ತೀರಾ ಜಾಸ್ತಿಯಾಗಿದ್ದರೆ ಮಟ್ಟಗೋಲನ್ನು ಗೋಡೆಗೆ ಅಡ್ಡ, ಉದ್ದ, ಓರೆಯಾಗಿ ಇಟ್ಟು ಹಿಂದಿನಿಂದ ಟಾರ್ಚ್ ಬಿಡಿ. ಬೆಳಕು ಅಗಲವಾಗಿ ನುಸುಳಿದರೆ ಅಷ್ಟು ವೇಗ ಎಲ್ಲಿಂದ ಬಂತು ಎಂದು ಗೊತ್ತಾಗುತ್ತದೆ.

ಹೊರಗೋಡೆಯ ಹೊರಮುಖಕ್ಕೂ ಇದೇ ಲೆಕ್ಕ. ಮಳೆ ತಡೆಯಬೇಕಾದ್ದರಿಂದ ಅಲ್ಲಿ ಒಳ್ಳೆಯ ಮುಖಕ್ಕೂ ಎರಡು ಕೋಟು ಹಿಡಿಯಿರಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಆ ಕೆಲಸಕ್ಕೆ ಕೈ ಹಾಕಬೇಡಿ. ನೀರು ಕುಡಿದು ತೊಯ್ದ ಮುರಕಲ್ಲಿಗೆ ಕಲಸು ಅಂಟುವುದಿಲ್ಲ, ಅಂಟಿದ್ದು ಜಾರುತ್ತದೆ. ಮಳೆಯಲ್ಲಿ ಕೂತ ಆಳಿನ ದಿನವನ್ನು ಯಾವ ಪುಸ್ತಕವೂ ಲೆಕ್ಕ ಹಿಡಿದಿಲ್ಲ.