ಮಧ್ಯಾಹ್ನ ಹನ್ನೆರಡೂವರೆಗೆ ಶುರುವಾಗುವ ದಿನ

ಅಮ್ಮನ ಅಡುಗೆ ಚಾನೆಲ್‌ನ ಲೆಕ್ಕ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. 2025ರ ಯುಗಾದಿ ಮಾರ್ಚ್ 30, ಭಾನುವಾರ ಬಂದಿತ್ತು. ಅವತ್ತು ಬೆಳಗ್ಗೆ 6 ಗಂಟೆಗೆ ಹೋಳಿಗೆ ವಿಡಿಯೊ ಹಾಕಿದೆವು. ಎರಡು ಮೂರು ದಿನ ಬಿಟ್ಟು ಯೂಟ್ಯೂಬ್ ಸ್ಟುಡಿಯೊದಲ್ಲಿ ದಿನವಾರು ಪಟ್ಟಿ ತೆಗೆದರೆ ಮಾರ್ಚ್ 29ರ ಎದುರಿಗೆ ಸುಮಾರು 1,840 ವೀಕ್ಷಣೆ! ಪಕ್ಕದಲ್ಲಿ ಕೂತಿದ್ದ ಅಮ್ಮ, "ಶನಿವಾರ ನಾನಿನ್ನೂ ಬೇಳೆ ನೆನೆಸೋಕೂ ಹಾಕಿರ್ಲಿಲ್ವಲ್ಲೋ, ಯಾರು ನೋಡಿದ್ರು?" ಅಂದರು.

ನೋಡಿದವರು ಭಾನುವಾರದವರೇ. ಸ್ಟುಡಿಯೊದ ದಿನವಾರು ಅಂಕಿಗಳು ನಮ್ಮ ಗಡಿಯಾರದಂತೆ ನಡೆಯುವುದಿಲ್ಲ, ಅಮೆರಿಕದ ಪಶ್ಚಿಮ ಕರಾವಳಿಯ ಪೆಸಿಫಿಕ್ ಸಮಯದಂತೆ ನಡೆಯುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ನಡುರಾತ್ರಿ ಹನ್ನೆರಡು ಹೊಡೆದಾಗ ದಿನ ಬದಲಾಗುತ್ತದೆ. ಅವರು ಗಡಿಯಾರ ಮುಂದಿಟ್ಟುಕೊಳ್ಳುವ ಬೇಸಿಗೆ ತಿಂಗಳುಗಳಲ್ಲಿ ಆಗ ನಮಗೆ ಮಧ್ಯಾಹ್ನ 12:30, ಚಳಿಗಾಲದಲ್ಲಿ 1:30. ಯುಗಾದಿ ಹೊತ್ತಿಗೆ ಅವರ ಗಡಿಯಾರ ಆಗಲೇ ಮುಂದೆ ಹೋಗಿತ್ತು. ಹಾಗಾಗಿ ನಮ್ಮ ಭಾನುವಾರ ಬೆಳಗ್ಗೆ 6ರಿಂದ ಮಧ್ಯಾಹ್ನ 12:30ರವರೆಗಿನದೆಲ್ಲ ಅಲ್ಲಿನ ಶನಿವಾರಕ್ಕೆ ಜಮೆ.

ಅಮ್ಮನಿಗೆ ಇದನ್ನು ವಿವರಿಸಲು ಭೂಪಟ ತೆಗೆಯಬೇಕೇನೋ ಅಂದುಕೊಂಡಿದ್ದೆ, ಬೇಕಾಗಲಿಲ್ಲ. "ಪಂಚಾಂಗದಲ್ಲಿ ತಿಥಿ ಮಟಮಟ ಮಧ್ಯಾಹ್ನ ಬದಲಾಗಲ್ವಾ, ಹಂಗೇ" ಅಂದು ಒಳಗೆ ಹೋದರು.

ನನ್ನ ಅದೃಷ್ಟಕ್ಕೆ, ಹಬ್ಬದ ದಿನ ಸುಮ್ಮನೆ ಕುತೂಹಲಕ್ಕೆ ವೀಕ್ಷಣೆಗಳನ್ನು ಆಗಾಗ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟಿದ್ದೆ. ಭಾನುವಾರ ಮಧ್ಯಾಹ್ನ 12:30ಕ್ಕೆ 1,840 ಆಗಿತ್ತು. ರಾತ್ರಿ ಹನ್ನೆರಡಕ್ಕೆ 2,610. ಸೋಮವಾರ ಮಧ್ಯಾಹ್ನ 12:30ಕ್ಕೆ 2,900. ಸ್ಟುಡಿಯೊ ಮಾರ್ಚ್ 30ಕ್ಕೆ ತೋರಿಸಿದ್ದು ಹೆಚ್ಚುಕಡಿಮೆ 1,060, ಅಂದರೆ 2,900ರಲ್ಲಿ 1,840 ಕಳೆದರೆ ಉಳಿಯುವುದು. ನಮ್ಮ ಲೆಕ್ಕದ ಯುಗಾದಿ ದಿನಕ್ಕೆ 2,610 ಬರಬೇಕಿತ್ತು. ಒಂದು ವೀಕ್ಷಣೆಯೂ ಕಳೆದುಹೋಗಿಲ್ಲ, ಗೆರೆ ಎಳೆದ ಜಾಗ ಬೇರೆ ಅಷ್ಟೇ. ಆದರೆ ಹೋಳಿಗೆಯಂಥ ವಿಡಿಯೊಗೆ ಈ ಗೆರೆ ಬೀಳುವುದು ತೀರಾ ಕೆಟ್ಟ ಜಾಗದಲ್ಲಿ. ಜನ ಅದನ್ನು ನೋಡುವುದೇ ಹಬ್ಬದ ಬೆಳಗ್ಗೆ, ಕಣಕ ಕಲಸುತ್ತಾ. ಆ ಜೋರೆಲ್ಲ ಹಿಂದಿನ ದಿನದ ಹೆಸರಿಗೆ ಹೋಗಿ, ಹಬ್ಬದ ದಿನವೇ ಡಲ್ಲಾಗಿ ಕಾಣುತ್ತದೆ.

ಮೊದಲು ನನಗೆ ಹೊಳೆದದ್ದು ಸೆಟ್ಟಿಂಗ್ಸ್. ವೆಬ್‌ಸೈಟಿಗೆ ಬಳಸುವ ಗೂಗಲ್ ಅನಲಿಟಿಕ್ಸ್‌ನಲ್ಲಿ ವರದಿಯ ಸಮಯ ವಲಯವನ್ನು ನಾವೇ ಆರಿಸಬಹುದು. ಇಲ್ಲಿ ಆ ಅವಕಾಶವಿಲ್ಲ. ಚಾನೆಲ್‌ನ ದೇಶ ಭಾರತ ಅಂತಿದ್ದರೂ ಅಷ್ಟೇ. ಗೊಂದಲ ಹೆಚ್ಚುವುದಕ್ಕೆ ಇನ್ನೊಂದು ಕಾರಣ, ನಿಮ್ಮ ವೀಕ್ಷಕರು ಯಾವಾಗ ಯೂಟ್ಯೂಬ್‌ನಲ್ಲಿರುತ್ತಾರೆ ಎಂದು ತೋರಿಸುವ ನೇರಳೆ ಬಣ್ಣದ ಚಿತ್ರ ನಮ್ಮ ಸಮಯದಲ್ಲೇ ಇರುತ್ತದೆ. ಒಂದೇ ಸ್ಟುಡಿಯೊದೊಳಗೆ ಎರಡು ಗಡಿಯಾರ.

ಕೊನೆಗೆ ನನ್ನ ಶೀಟಿನಲ್ಲಿ ಒಂದು ಕಾಲಂ ಸೇರಿಸಿದೆ. A2ನಲ್ಲಿ ನಮ್ಮ ಸಮಯದ ದಿನಾಂಕ ಮತ್ತು ಗಂಟೆ ಇದ್ದರೆ, ಅದು ಸ್ಟುಡಿಯೊದ ಯಾವ ದಿನಕ್ಕೆ ಸೇರುತ್ತದೆ ಎಂದು ಇದು ಹೇಳುತ್ತದೆ:

```
=INT(A2-12.5/24)
```

ಕಾಲಂ ಅನ್ನು ದಿನಾಂಕದ ರೂಪಕ್ಕೆ ಬದಲಿಸಿಕೊಳ್ಳಬೇಕು. ನವೆಂಬರಿನ ಮೊದಲ ಭಾನುವಾರದಿಂದ ಮಾರ್ಚಿನ ಎರಡನೇ ಭಾನುವಾರದವರೆಗೆ 12.5 ಬದಲು 13.5. ಗಡಿಯಾರ ಬದಲಾಗುವ ಆ ಎರಡು ಭಾನುವಾರಗಳೂ ವಿಚಿತ್ರ: 2025ರ ಮಾರ್ಚ್ 9 ಸ್ಟುಡಿಯೊದಲ್ಲಿ 23 ಗಂಟೆಯ ದಿನ, ನವೆಂಬರ್ 2 ಇಪ್ಪತ್ತೈದು ಗಂಟೆಯದು. ಅವತ್ತು ಅಂಕಿ ಸ್ವಲ್ಪ ಏರಿದರೆ ನಾನು ಹಿಗ್ಗುವುದಿಲ್ಲ.

ಇದೆಲ್ಲ ಗೊತ್ತಾದ ಮೇಲೆ ನಾನು ಪೂರ್ತಿ ಬಿಟ್ಟಿದ್ದು ಎರಡು ವಿಡಿಯೊಗಳ ಮೊದಲ ದಿನವನ್ನು ಹೋಲಿಸುವುದನ್ನು. ಬೇಸಿಗೆಯಲ್ಲಿ ಬೆಳಗ್ಗೆ 11ಕ್ಕೆ ಹಾಕಿದ ವಿಡಿಯೊಗೆ ಪಟ್ಟಿಯ ಮೊದಲ ದಿನ ಸಿಗುವುದು ಒಂದೂವರೆ ಗಂಟೆ. ಮಧ್ಯಾಹ್ನ ಒಂದಕ್ಕೆ ಹಾಕಿದ್ದಕ್ಕೆ ಇಪ್ಪತ್ಮೂರೂವರೆ. ಹಿಂದೊಮ್ಮೆ ಇದನ್ನೇ ನೋಡಿ, ಬೆಳಗಿನ ಹೊತ್ತು ನಮ್ಮ ಚಾನೆಲ್‌ಗೆ ಆಗಿಬರುವುದಿಲ್ಲ ಎಂದು ನಾನೇ ತೀರ್ಪು ಕೊಟ್ಟಿದ್ದೆ! ಈಗ ಪ್ರಕಟವಾದ ಹೊತ್ತಿನಿಂದ 24 ಗಂಟೆ, ಆಮೇಲೆ ಏಳು ದಿನ, ಹೀಗೆ ಲೆಕ್ಕ ಹಾಕುತ್ತೇನೆ. ದಿನದ ಗೆರೆಗೆ ಸರಿಹೊಂದಲೆಂದು 12:30ಕ್ಕೇ ಅಪ್‌ಲೋಡ್ ಮಾಡುವವರಿದ್ದಾರೆ. ಅದರಿಂದ ಪಟ್ಟಿ ಚೆಂದ ಕಾಣುತ್ತದೆಯೇ ಹೊರತು ನೋಡುವವರು ಹೆಚ್ಚುವುದಿಲ್ಲ.

ತಿಂಗಳ ಮೊತ್ತದಲ್ಲಿ ಈ ವ್ಯತ್ಯಾಸ ಅಷ್ಟು ಕಾಣಿಸುವುದಿಲ್ಲ, ಅಂಚಿನ ಅರ್ಧ ದಿನ ಮಾತ್ರ ಆಚೀಚೆ. ಆದರೆ ಹಬ್ಬ ಒಂದನೇ ತಾರೀಕಿಗೆ ಬಿದ್ದರೆ ಬೆಳಗಿನ ವೀಕ್ಷಣೆಯೆಲ್ಲ ಹಿಂದಿನ ತಿಂಗಳಿಗೆ ಹೋಗುತ್ತದೆ. ಹಾಗಾಗಿ ಕ್ಯಾಲೆಂಡರಿನಲ್ಲಿ ಅಂಥ ತಾರೀಕುಗಳಿಗೆ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿಟ್ಟಿದ್ದೇನೆ. ಅಮ್ಮ ಅದನ್ನು ಹಾಲಿನ ಲೆಕ್ಕ ಅಂದುಕೊಂಡಿದ್ದಾರೆ.