ಬಾಣಲೆಯ ಎಣ್ಣೆ ಕೆಟ್ಟಿದೆಯಾ? ಎರಡು ಅಂಕಿ ಹೇಳುವ ಕಥೆ

ಬಜ್ಜಿ ಕರಿದು ಉಳಿದ ಎಣ್ಣೆ ಕಪ್ಪಾಗಿದ್ದರೆ ಕೆಟ್ಟಿತು ಅಂತೀವಿ. ಆದರೆ ಖಾರದಪುಡಿ, ಸೀದ ಹಿಟ್ಟು ಬಿದ್ದರೂ ಎಣ್ಣೆ ಕಪ್ಪಾಗುತ್ತದೆ. ಬಣ್ಣ ನೋಡಿ ತೀರ್ಮಾನಿಸುವ ಬದಲು ಲ್ಯಾಬಿನಲ್ಲಿ ಆಸಿಡ್ ವ್ಯಾಲ್ಯೂ ನೋಡುತ್ತಾರೆ. ಹಿಟ್ಟಿನ ನೀರಿನಂಶ ಬಿಸಿ ಎಣ್ಣೆಗೆ ಸೇರಿದಾಗ ಕೊಬ್ಬು ಒಡೆದು ಆಮ್ಲ ಬಿಡುಗಡೆಯಾಗುತ್ತದೆ. ಒಂದು ಗ್ರಾಂ ಎಣ್ಣೆಯ ಆ ಆಮ್ಲವನ್ನು ತಟಸ್ಥ ಮಾಡಲು ಎಷ್ಟು ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಬೇಕು ಎಂಬುದೇ ಈ ಅಂಕಿ.

ಮೊದಲು 50 ಮಿ.ಲೀ. ಆಲ್ಕೋಹಾಲಿಗೆ ಕ್ಷಾರ ಹೆಚ್ಚಾದರೆ ಗುಲಾಬಿಯಾಗುವ ಫಿನಾಲ್ಫ್ಥಲೀನ್ ಕೆಲವು ಹನಿ ಹಾಕಿ, ತೆಳು ಗುಲಾಬಿ ಬರುವವರೆಗೆ ಕ್ಷಾರ ಬಿಡಿ. ಹೆಚ್ಚಿನವರು ಎಡವುವುದು ಇಲ್ಲೇ. ಈ ಹಂತ ಬಿಟ್ಟರೆ ಆಲ್ಕೋಹಾಲಿನಲ್ಲೇ ಇರುವ ಆಮ್ಲ ಸುಮ್ನೆ ಎಣ್ಣೆಯ ಲೆಕ್ಕಕ್ಕೆ ಬೀಳುತ್ತದೆ. ಆಮೇಲೆ 10 ಗ್ರಾಂ ಎಣ್ಣೆ ಸೇರಿಸಿ, ಬೆಚ್ಚಗೆ ಮಾಡಿ. ಬ್ಯುರೆಟ್‌ನಿಂದ 0.1 ನಾರ್ಮಲ್ ಕ್ಷಾರವನ್ನು ಹನಿ ಹನಿಯಾಗಿ ಬಿಡುತ್ತಾ ಜೋರಾಗಿ ಅಲ್ಲಾಡಿಸಿ. ಗುಲಾಬಿ ಬಣ್ಣ ಸುಮಾರು ಅರ್ಧ ನಿಮಿಷ ಉಳಿದರೆ ನಿಲ್ಲಿಸಿ. ಎಣ್ಣೆ ಕಪ್ಪಾಗಿದ್ದರೆ ಈ ಗುಲಾಬಿ ಕಣ್ಣಿಗೆ ಕಾಣುವುದೇ ಇಲ್ಲ. ಆಗ ಎಣ್ಣೆ ಕಡಿಮೆ ತೆಗೆದುಕೊಳ್ಳಿ, ಆಲ್ಕೋಹಾಲ್ ಜಾಸ್ತಿ ಹಾಕಿ.

ಒಂದು ಲೆಕ್ಕ ನೋಡೋಣ. ಹೊಸ ಎಣ್ಣೆಗೆ 0.7 ಮಿ.ಲೀ. ಕ್ಷಾರ ಹಿಡಿಯಿತು. ಕರಿದ ಎಣ್ಣೆಗೆ 4.6 ಹಿಡಿಯಿತು ಅಂದುಕೊಳ್ಳಿ. ಕೆಳಗಿನ 56.1 ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನ ಅಣುತೂಕ, 0.1 ಕ್ಷಾರದ ನಾರ್ಮಲ್ ಅಂಕಿ, 10 ಎಣ್ಣೆಯ ತೂಕ.

```
56.1 × 0.7 × 0.1 ÷ 10 = 0.39
56.1 × 4.6 × 0.1 ÷ 10 = 2.58
```

ಜಪಾನಿನಲ್ಲಿ ಬುತ್ತಿ ಊಟ ತಯಾರಿಸುವ ಅಂಗಡಿಗಳಿಗೆ 2021ರವರೆಗೆ ಇದ್ದ ಮಾರ್ಗಸೂಚಿ ಪ್ರಕಾರ 2.5 ದಾಟಿದ ಎಣ್ಣೆಯನ್ನು ಬದಲಿಸಬೇಕಿತ್ತು. ಆ ಲೆಕ್ಕಕ್ಕೆ ಈ ಬಾಣಲೆ ಖಾಲಿ ಮಾಡಬೇಕಾದದ್ದೇ. ನಮ್ಮಲ್ಲಿ ನಿಯಮ ನೋಡುವುದು ಬೇರೆ ಅಳತೆಯನ್ನು. ಕರಿಯುವಾಗ ಎಣ್ಣೆ ಕೆಟ್ಟು ಹುಟ್ಟುವ ವಸ್ತುಗಳ ಒಟ್ಟು ಲೆಕ್ಕವಾದ ಟೋಟಲ್ ಪೋಲಾರ್ ಕಾಂಪೌಂಡ್ 25 ಶೇಕಡ ದಾಟಬಾರದು ಎಂಬ ಮಿತಿ 2018ರ ಜುಲೈ 1ರಿಂದ ಜಾರಿಯಲ್ಲಿದೆ.

ಇನ್ನು ಪೆರಾಕ್ಸೈಡ್ ವ್ಯಾಲ್ಯೂ. ಇದು ಗಾಳಿಯ ಆಮ್ಲಜನಕ ಎಣ್ಣೆಗೆ ಅಂಟಿದ ಲೆಕ್ಕ. 5 ಗ್ರಾಂ ಎಣ್ಣೆಯನ್ನು ಅಸಿಟಿಕ್ ಆಮ್ಲ ಮತ್ತು ಕ್ಲೋರೋಫಾರಂ ಮಿಶ್ರಣದಲ್ಲಿ ಕರಗಿಸಿ, ಪೊಟ್ಯಾಸಿಯಂ ಅಯೊಡೈಡ್ ಹಾಕಿ, ಒಂದು ನಿಮಿಷ ಕತ್ತಲಲ್ಲಿಡಿ. ನೀರು ಸೇರಿಸಿ. ಬಿಡುಗಡೆಯಾದ ಅಯೋಡಿನ್‌ಗೆ 0.01 ನಾರ್ಮಲ್ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ದ್ರಾವಣ ಬಿಡಿ. ಹಳದಿ ತೆಳುವಾದಾಗ ಗಂಜಿ ದ್ರಾವಣ ಹಾಕಿ, ನೀಲಿ ಹೋಗುವವರೆಗೆ ಮುಂದುವರಿಸಿ. ಎಣ್ಣೆ ಇಲ್ಲದ ಖಾಲಿ ಪರೀಕ್ಷೆಯ ಅಂಕಿ ಕಳೆದ ಮೇಲೆ 3 ಮಿ.ಲೀ. ಉಳಿದರೆ ಉತ್ತರ 3 × 0.01 × 1000 ÷ 5 = 6. ಹೊಸ ರಿಫೈನ್ಡ್ ಎಣ್ಣೆಗೆ ಅಂತಾರಾಷ್ಟ್ರೀಯ ಕೋಡೆಕ್ಸ್ ಮಿತಿ 10.

ಹಾಗಾದರೆ ನಮ್ಮ ಬಜ್ಜಿ ಎಣ್ಣೆಗೆ 6 ಬಂದರೆ ಅದು ಒಳ್ಳೆಯದಾ? ಹಾಗೆ ಹೇಳಲಾಗದು. ಕರಿಯುವ ಕಾವಿನಲ್ಲಿ ಪೆರಾಕ್ಸೈಡ್ ಹುಟ್ಟುತ್ತಿದ್ದಂತೆ ಒಡೆದು ಕಮಟು ವಾಸನೆಯ ಬೇರೆ ವಸ್ತುಗಳಾಗುತ್ತದೆ. ಹಾಗಾಗಿ ಚೆನ್ನಾಗಿ ಕೆಟ್ಟ ಎಣ್ಣೆಯೂ ಕಡಿಮೆ ಅಂಕಿ ತೋರಿಸಬಹುದು. ಬಾಣಲೆಗೆ ಆಸಿಡ್ ವ್ಯಾಲ್ಯೂ ನಂಬಿ. ಪೆರಾಕ್ಸೈಡ್ ಕೆಲಸಕ್ಕೆ ಬರುವುದು ಕಪಾಟಿನಲ್ಲಿಟ್ಟ ಎಣ್ಣೆ ಡಬ್ಬಕ್ಕೆ, ವಾರಗಟ್ಟಲೆ ಇಟ್ಟ ಚಕ್ಕುಲಿಯಿಂದ ತೆಗೆದ ಎಣ್ಣೆಗೆ.